ಶೇ 96 ಕ್ಲೇಮ್ ಕೊಡುವ ಕಂಪನಿ ನಿಮ್ಮ ಬಿಲ್ಲಿಗೆ ಎಷ್ಟು ಕೊಡುತ್ತದೆ?

ಆರೋಗ್ಯ ವಿಮೆ ಮಾಡಿಸಲು ಹೊರಟವರ ಮುಂದೆ ಏಜೆಂಟರು ಮೊದಲು ಇಡುವುದು ಎರಡು ಅಂಕಿ. ನೂರು ಕ್ಲೇಮ್‌ನಲ್ಲಿ ಎಷ್ಟಕ್ಕೆ ಹಣ ಕೊಟ್ಟರು ಎನ್ನುವ ಕ್ಲೇಮ್ ಸೆಟಲ್‌ಮೆಂಟ್ ರೇಶಿಯೊ ಶೇ 90ಕ್ಕಿಂತ ಮೇಲೆ, ಕಂಪನಿಯ ಜತೆ ಒಪ್ಪಂದವಿರುವ ನೆಟ್‌ವರ್ಕ್ ಆಸ್ಪತ್ರೆ ಹತ್ತು ಸಾವಿರಕ್ಕಿಂತ ಮೇಲೆ. ಮೂರನೆಯ ಅಂಕಿ ಕಂಪನಿಯ ಮೇಲೆ ಬಂದ ದೂರುಗಳದ್ದು. ಅದನ್ನು ಅವರು ಹೇಳುವುದಿಲ್ಲ, ನಾವೇ ಹುಡುಕಿ ತೆಗೆಯಬೇಕು. ಈ ಮೂರೂ ಸುಳ್ಳು ಅಂಕಿಗಳಲ್ಲ. ತೊಂದರೆ ಏನೆಂದರೆ, ಮೂರೂ ಇಡೀ ಕಂಪನಿಯ ಲೆಕ್ಕ. ನೀವು ಕೊಳ್ಳುವುದು ಅದರ ಒಂದು ಪಾಲಿಸಿಯನ್ನು, ಅದು ಕೆಲಸಕ್ಕೆ ಬರಬೇಕಾದದ್ದು ನಿಮ್ಮೂರಿನ ಒಂದೆರಡು ಆಸ್ಪತ್ರೆಗಳಲ್ಲಿ.

ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ ತನ್ನ 2023-24ರ ವಾರ್ಷಿಕ ವರದಿಯಲ್ಲಿ ಕೊಟ್ಟ ಒಂದು ಲೆಕ್ಕದಿಂದ ಶುರು ಮಾಡೋಣ. ಆ ವರ್ಷ ದೇಶದ ಆರೋಗ್ಯ ವಿಮಾ ಕಂಪನಿಗಳ ಮುಂದಿದ್ದ ಕ್ಲೇಮ್‌ಗಳ ಒಟ್ಟು ಮೊತ್ತ ಸುಮಾರು 1.17 ಲಕ್ಷ ಕೋಟಿ ರೂಪಾಯಿ. ಅದರಲ್ಲಿ ಕೈಗೆ ಬಂದದ್ದು 83,493 ಕೋಟಿ, ಅಂದರೆ ಶೇ 71.29. ಪೂರ್ತಿ ತಿರಸ್ಕಾರವಾದದ್ದು 10,937 ಕೋಟಿ. ಪಾಲಿಸಿಯ ನಿಬಂಧನೆ ಒಪ್ಪುವುದಿಲ್ಲ ಎಂದು ಅಮಾನ್ಯವಾದದ್ದು 15,100 ಕೋಟಿ. ಉಳಿದದ್ದು ವರ್ಷದ ಕೊನೆಗೆ ಬಾಕಿ. ತಿರಸ್ಕಾರಕ್ಕಿಂತ ಅಮಾನ್ಯದ ಮೊತ್ತವೇ ದೊಡ್ಡದು ಎನ್ನುವುದನ್ನು ಗಮನಿಸಿ. ‘ಕ್ಲೇಮ್ ಕೊಡುವುದೇ ಇಲ್ಲ’ ಎನ್ನುವ ಭಯದಲ್ಲಿ ಜನ ರೇಶಿಯೊ ನೋಡುತ್ತಾರೆ. ಹಣ ಹೆಚ್ಚು ಸೋರುವುದು ಆ ರೇಶಿಯೊ ಕಾಣದ ಜಾಗದಲ್ಲಿ.

ಒಂದೇ ಕಂಪನಿಗೆ ನಾಲ್ಕು ರೇಶಿಯೊ

ಕ್ಲೇಮ್ ಸೆಟಲ್‌ಮೆಂಟ್ ರೇಶಿಯೊ ಜೀವ ವಿಮೆಗೆ ಚೆನ್ನಾಗಿ ಹೊಂದುವ ಅಳತೆ. ಅಲ್ಲಿ ಹತ್ತು ಲಕ್ಷದ ಪಾಲಿಸಿಗೆ ಸಾವಿನ ನಂತರ ಹತ್ತು ಲಕ್ಷ ಬರುತ್ತದೆ, ಇಲ್ಲವೇ ತಿರಸ್ಕಾರವಾಗುತ್ತದೆ. ಹಾಗಾಗಿ ನೂರರಲ್ಲಿ ಎಷ್ಟು ಕುಟುಂಬಕ್ಕೆ ಹಣ ಸಿಕ್ಕಿತು ಎಂದು ಎಣಿಸಿದರೆ ಅರ್ಥವಿದೆ. ಆಸ್ಪತ್ರೆಯ ಬಿಲ್ಲು ಹಾಗಲ್ಲ. ಅದರಲ್ಲಿ ಐವತ್ತು ಸಾಲು ಇರುತ್ತವೆ, ಪ್ರತಿ ಸಾಲಿಗೂ ಕತ್ತರಿ ಬೀಳಬಹುದು. ಜೀವ ವಿಮೆಯ ಅಳತೆಗೋಲನ್ನು ಇಲ್ಲಿಗೆ ತಂದಾಗಲೇ ಗೊಂದಲ ಶುರುವಾಯಿತು.

ಮೊದಲ ಗೊಂದಲ ಛೇದದ್ದು. ಪ್ರತಿ ಕಂಪನಿಯೂ ತನ್ನ ವೆಬ್‌ಸೈಟಿನ Public Disclosures ವಿಭಾಗದಲ್ಲಿ ಮೂರು ತಿಂಗಳಿಗೊಮ್ಮೆ ಕೆಲವು ಫಾರ್ಮ್‌ಗಳನ್ನು ಹಾಕಲೇಬೇಕು. ಕ್ಲೇಮ್ ಲೆಕ್ಕ ಇರುವುದು NL-37ರಲ್ಲಿ. ವರ್ಷದ ಪೂರ್ತಿ ಚಿತ್ರ ಬೇಕಾದರೆ ಮಾರ್ಚ್ ಅಂತ್ಯದ ಫಾರ್ಮ್ ತೆಗೆಯಿರಿ. ಜನರಲ್ ಇನ್ಶೂರೆನ್ಸ್ ಕಂಪನಿಯಾದರೆ ಅದರಲ್ಲಿ ಬೆಂಕಿ, ವಾಹನ, ಪ್ರಯಾಣ ಎಂದು ಬೇರೆ ಬೇರೆ ಕಾಲಂ ಇರುತ್ತವೆ. ಆರೋಗ್ಯದ ಕಾಲಂ ಮಾತ್ರ ನೋಡಿ. ಊಹೆಗೆ ಒಂದು ಕಂಪನಿಯ ಕಾಲಂ ಹೀಗಿದೆ ಎಂದುಕೊಳ್ಳಿ: ವರ್ಷದ ಆರಂಭಕ್ಕೆ ಬಾಕಿ 6,000 ಕ್ಲೇಮ್, ವರ್ಷದಲ್ಲಿ ಹೊಸದಾಗಿ ಬಂದದ್ದು 1,00,000, ಹಣ ಕೊಟ್ಟದ್ದು 86,000, ತಿರಸ್ಕರಿಸಿದ್ದು 8,000, ಹಣ ಕೊಡದೆ ಫೈಲ್ ಮುಚ್ಚಿದ್ದು 5,000, ವರ್ಷದ ಕೊನೆಗೆ ಬಾಕಿ 7,000.

ಈಗ ರೇಶಿಯೊ ಎಷ್ಟು? ಕೊಟ್ಟದ್ದನ್ನು ‘ಕೊಟ್ಟದ್ದು ಮತ್ತು ತಿರಸ್ಕರಿಸಿದ್ದು’ ಎರಡರ ಮೊತ್ತದಿಂದ ಭಾಗಿಸಿದರೆ ಶೇ 91.5. ಮುಚ್ಚಿದ ಫೈಲುಗಳನ್ನೂ ಛೇದಕ್ಕೆ ಸೇರಿಸಿದರೆ ಶೇ 86.9. ಆ ವರ್ಷ ಬಂದ ಒಂದು ಲಕ್ಷದಿಂದ ಭಾಗಿಸಿದರೆ ಶೇ 86. ಹಳೆ ಬಾಕಿಯನ್ನೂ ಸೇರಿಸಿದ 1,06,000ದಿಂದ ಭಾಗಿಸಿದರೆ ಶೇ 81.1. ಕಂಪನಿ ಒಂದೇ, ಫಾರ್ಮ್ ಒಂದೇ, ಉತ್ತರ ನಾಲ್ಕು. ಪೋಸ್ಟರಿನಲ್ಲಿ ಯಾವುದು ಬರುತ್ತದೆ ಎಂದು ಹೇಳಬೇಕಾಗಿಲ್ಲ. ಅದಕ್ಕೇ ಎರಡು ಕಂಪನಿಗಳ ಪೋಸ್ಟರ್ ಹೋಲಿಸುವುದು ವ್ಯರ್ಥ. ಎರಡರ NL-37 ತೆಗೆದು, ಎರಡಕ್ಕೂ ಒಂದೇ ಸೂತ್ರ ಹಾಕಿ. ನನ್ನ ಮಟ್ಟಿಗೆ ಎರಡನೆಯ ಸೂತ್ರವೇ ಸರಿ. ಕಾರಣ, ಮುಚ್ಚಿದ ಫೈಲು ರೋಗಿಯ ಕಡೆಯಿಂದ ನೋಡಿದರೆ ಸಿಗದ ಹಣವೇ.

ಫೈಲು ಹೇಗೆ ಮುಚ್ಚಿಕೊಳ್ಳುತ್ತದೆ? ಬಿಲ್ಲನ್ನು ಕಂಪನಿಯೇ ನೇರವಾಗಿ ಆಸ್ಪತ್ರೆಗೆ ಕಟ್ಟುವ ಕ್ಯಾಶ್‌ಲೆಸ್‌ಗೆ ಆಸ್ಪತ್ರೆ ಅರ್ಜಿ ಕಳಿಸುತ್ತದೆ. ಈ ಹಂತದಲ್ಲಿ ನಿರ್ಧರಿಸಲು ಬರುವುದಿಲ್ಲ, ಹಣ ಕಟ್ಟಿ ಆಮೇಲೆ ರೀಇಂಬರ್ಸ್‌ಮೆಂಟ್ ಕೇಳಿ ಎಂದು ಕಂಪನಿ ಉತ್ತರಿಸುತ್ತದೆ. ಪಾಲಿಸಿಯ ಭಾಷೆಯಲ್ಲಿ ಕ್ಯಾಶ್‌ಲೆಸ್ ನಿರಾಕರಣೆ ಕ್ಲೇಮ್ ನಿರಾಕರಣೆಯಲ್ಲ. ಮನೆಯವರು ಸಾಲ ಮಾಡಿ ಬಿಲ್ಲು ಕಟ್ಟಿ ಊರಿಗೆ ಹೋಗುತ್ತಾರೆ. ನಂತರ ಒಳರೋಗಿ ಕೇಸ್ ಶೀಟ್ ಕೊಡಿ, ಮೊದಲ ಸಲ ತೋರಿಸಿದ ಡಾಕ್ಟರ ಚೀಟಿ ಕೊಡಿ, ಬಿಪಿ ಯಾವಾಗಿನಿಂದ ಇದೆ ಎಂದು ಬರೆಸಿ ಕೊಡಿ ಎಂದು ಪತ್ರದ ಮೇಲೆ ಪತ್ರ ಬರುತ್ತದೆ. ಮೂರನೆಯ ಪತ್ರಕ್ಕೆ ಉತ್ತರ ಹೋಗದಿದ್ದರೆ ದಾಖಲೆ ಬಂದಿಲ್ಲವೆಂದು ಫೈಲು ಮುಚ್ಚಬಹುದು. ತಿರಸ್ಕಾರದ ಲೆಕ್ಕದಲ್ಲಿ ಇದು ಇಲ್ಲ. ಆದ್ದರಿಂದ NL-37ರಲ್ಲಿ ಮುಚ್ಚಿದ ಫೈಲುಗಳ ಸಾಲು ತಿರಸ್ಕಾರದ ಸಾಲಿಗೆ ಹತ್ತಿರವಾಗಿದ್ದರೆ ಅಥವಾ ಅದನ್ನು ಮೀರಿದ್ದರೆ ಆ ಕಂಪನಿಯ ರೇಶಿಯೊವನ್ನು ಅನುಮಾನದಿಂದಲೇ ನೋಡಬೇಕು. ಅದೇ ಫಾರ್ಮ್‌ನ ಕೊನೆಯಲ್ಲಿ ಬಾಕಿ ಕ್ಲೇಮ್‌ಗಳ ವಯಸ್ಸೂ ಇರುತ್ತದೆ: ಮೂರು ತಿಂಗಳ ಒಳಗಿನವು ಎಷ್ಟು, ಆರು ತಿಂಗಳು ದಾಟಿದವು ಎಷ್ಟು. ಆರೋಗ್ಯದ ಕ್ಲೇಮ್ ಆರು ತಿಂಗಳು ಕೊಳೆಯಲು ಸಾಮಾನ್ಯವಾಗಿ ಕಾರಣವಿರುವುದಿಲ್ಲ.

ಎರಡನೆಯ ಗೊಂದಲ ಇನ್ನೂ ಆಳದ್ದು. ಆರೋಗ್ಯದ ಕಾಲಂನಲ್ಲಿ ಮನೆಮಂದಿ ಕೊಳ್ಳುವ ಪಾಲಿಸಿಯೂ, ಕಾರ್ಖಾನೆ ಮತ್ತು ಸಾಫ್ಟ್‌ವೇರ್ ಕಂಪನಿಗಳು ನೌಕರರಿಗೆ ಮಾಡಿಸುವ ಗ್ರೂಪ್ ಪಾಲಿಸಿಯೂ ಕೂಡಿಕೊಂಡಿರುತ್ತವೆ. ಗ್ರೂಪ್ ಪಾಲಿಸಿಯಲ್ಲಿ ಹಳೆಯ ಕಾಯಿಲೆಗೂ ಮೊದಲ ದಿನದಿಂದ ರಕ್ಷಣೆ ಇರುವುದು ಸಾಮಾನ್ಯ, ತಿರಸ್ಕರಿಸಲು ಕಾರಣಗಳೇ ಕಡಿಮೆ. ಮೇಲಾಗಿ ಕ್ಲೇಮ್ ನಿಲ್ಲಿಸಿದರೆ ಆ ಕಚೇರಿಯ ಎಚ್‌ಆರ್ ಫೋನ್ ಮಾಡುತ್ತಾರೆ, ಮುಂದಿನ ವರ್ಷ ಇಡೀ ಗುತ್ತಿಗೆ ಬೇರೆ ಕಂಪನಿಗೆ ಹೋಗಬಹುದು. ಒಂಟಿ ಪಾಲಿಸಿದಾರನಿಗೆ ಆ ಬಲ ಇಲ್ಲ. ಹೀಗಾಗಿ ಗ್ರೂಪ್ ವ್ಯವಹಾರ ಜಾಸ್ತಿ ಇರುವ ಕಂಪನಿಯ ರೇಶಿಯೊ ತಾನಾಗಿಯೇ ಮೇಲೇರುತ್ತದೆ. ಯಾವ ಕಂಪನಿಯಲ್ಲಿ ಯಾವುದರ ಪಾಲು ಎಷ್ಟು ಎಂದು ತಿಳಿಯಲು ಜನರಲ್ ಇನ್ಶೂರೆನ್ಸ್ ಕೌನ್ಸಿಲ್ ಪ್ರಕಟಿಸುವ ವಿಭಾಗವಾರು ಪ್ರೀಮಿಯಂ ಪಟ್ಟಿ ನೋಡಬಹುದು. ರಿಟೇಲ್, ಗ್ರೂಪ್, ಸರ್ಕಾರಿ ಯೋಜನೆ ಎಂದು ಅಲ್ಲಿ ಬೇರೆ ಬೇರೆಯಾಗಿ ಕೊಟ್ಟಿರುತ್ತಾರೆ. ರಿಟೇಲ್ ಪಾಲು ಐದನೇ ಒಂದರಷ್ಟಿರುವ ಕಂಪನಿಯ ಶೇ 96ನ್ನು, ಬಹುಪಾಲು ರಿಟೇಲೇ ಇರುವ ಕಂಪನಿಯ ಶೇ 91ರ ಪಕ್ಕ ಇಟ್ಟರೆ ಯಾವುದು ಮೇಲು ಎಂದು ಹೇಳಲು ಬರುವುದಿಲ್ಲ.

ಇಲ್ಲಿ ಒಂದು ಮಾತು. ಇನ್‌ಕರ್ಡ್ ಕ್ಲೇಮ್ ರೇಶಿಯೊ ಎಂಬ ಇನ್ನೊಂದು ಅಂಕಿ ಇದೆ, ಏಜೆಂಟರು ಎರಡನ್ನೂ ಕಲಸಿ ಹೇಳುವುದುಂಟು. ಅದು ನೂರು ರೂಪಾಯಿ ಪ್ರೀಮಿಯಂನಲ್ಲಿ ಎಷ್ಟು ಕ್ಲೇಮ್‌ಗೆ ಹೋಯಿತು ಎನ್ನುವ ಲೆಕ್ಕ. 2023-24ರಲ್ಲಿ ಅದು ಸರ್ಕಾರಿ ಕಂಪನಿಗಳಲ್ಲಿ ಸುಮಾರು 103, ಖಾಸಗಿ ಜನರಲ್ ಕಂಪನಿಗಳಲ್ಲಿ 89, ಆರೋಗ್ಯ ವಿಮೆಯನ್ನಷ್ಟೇ ಮಾಡುವ ಕಂಪನಿಗಳಲ್ಲಿ 65 ಇತ್ತು. ಈ ಅಂತರದಲ್ಲೂ ಗ್ರೂಪ್ ವ್ಯವಹಾರದ ನೆರಳು ದೊಡ್ಡದು. ನೂರು ದಾಟಿದರೆ ಉದಾರ ಕಂಪನಿ ಎಂದು ಹಿಗ್ಗಬೇಕಾಗಿಲ್ಲ, ಆ ನಷ್ಟ ಮುಂದೆ ಪ್ರೀಮಿಯಂ ಏರಿಕೆಯಾಗಿ ಬರಬಹುದು.

‘ಸೆಟಲ್’ ಆದ ಬಿಲ್ಲಿನ ಒಳಗೆ

ಇನ್ನು ಸೋರಿಕೆಯ ಜಾಗಕ್ಕೆ ಬರೋಣ. ಐದು ಲಕ್ಷದ ಪಾಲಿಸಿ, ರೂಮ್ ಬಾಡಿಗೆಗೆ ವಿಮಾ ಮೊತ್ತದ ಶೇ 1ರ ಮಿತಿ, ಅಂದರೆ ದಿನಕ್ಕೆ 5,000 ರೂಪಾಯಿ. ರೋಗಿ ದಿನಕ್ಕೆ 8,000ದ ರೂಮಿನಲ್ಲಿ ನಾಲ್ಕು ದಿನ ಇದ್ದರು. ಬಿಲ್ಲು 2,40,000. ಅದರಲ್ಲಿ ರೂಮ್ ಬಾಡಿಗೆ 32,000. ಸರ್ಜನ್, ಅರಿವಳಿಕೆ, ಆಪರೇಷನ್ ಥಿಯೇಟರ್, ನರ್ಸಿಂಗ್ ಸೇರಿ 1,20,000. ಔಷಧ, ಇಂಪ್ಲಾಂಟ್, ಸ್ಕ್ಯಾನ್ ಮತ್ತು ರಕ್ತಪರೀಕ್ಷೆ 78,000. ಕೈಗವಸು, ಫೈಲ್ ಚಾರ್ಜ್‌ನಂಥ ವಿಮೆಯಲ್ಲಿ ಹಣ ಕೊಡಬಾರದ ಪಟ್ಟಿಯ ಸಾಮಾನು 10,000.

ರೂಮಿನಲ್ಲಿ 12,000 ಕಡಿತವಾಗುತ್ತದೆ, ಇದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಮುಂದಿನದು. ದುಬಾರಿ ರೂಮಿಗೆ ಹೋದವರಿಗೆ ಸರ್ಜನ್ ಫೀಸಿನಿಂದ ನರ್ಸಿಂಗ್‌ವರೆಗೆ ಎಲ್ಲವೂ ಹೆಚ್ಚಾಗುತ್ತದೆ ಎಂಬ ಕಾರಣಕ್ಕೆ ಆ 1,20,000ಕ್ಕೂ 5,000 ಭಾಗ 8,000ದ ಅನುಪಾತ ಹಾಕುತ್ತಾರೆ. 75,000 ಸಿಗುತ್ತದೆ, 45,000 ಹೋಗುತ್ತದೆ. ಔಷಧ, ಇಂಪ್ಲಾಂಟ್ ಮತ್ತು ಪರೀಕ್ಷೆಗಳಿಗೆ ಈ ಅನುಪಾತ ಹಾಕಬಾರದೆಂದು ನಿಯಮ ಇದೆ, ಐಸಿಯು ಬಾಡಿಗೆಗೂ ಹಾಕುವಂತಿಲ್ಲ. ಹಾಕಿದ್ದರೆ ಅದು ಪ್ರಶ್ನಿಸಬೇಕಾದ ಕಡಿತ. ರೂಮ್ ಯಾವುದಾದರೂ ಉಳಿದ ದರ ಒಂದೇ ಇರುವ ಆಸ್ಪತ್ರೆಯಲ್ಲೂ ಹಾಕುವಂತಿಲ್ಲ. ಕೊನೆಗೆ ಕೈಗೆ ಬರುವುದು 1,73,000. ದಿನಕ್ಕೆ 3,000 ಹೆಚ್ಚಿನ ರೂಮಿಗೆ ರೋಗಿ ತೆತ್ತದ್ದು 57,000, ಪಟ್ಟಿಯ ಸಾಮಾನು ಸೇರಿ ಒಟ್ಟು 67,000.

ಕಂಪನಿಯ ಫಾರ್ಮ್‌ನಲ್ಲಿ ಈ ಕ್ಲೇಮ್ ‘ಸೆಟಲ್ ಆದದ್ದು: 1’. ಶೇ 72 ಮಾತ್ರ ಕೊಟ್ಟರು ಎನ್ನುವುದು ರೇಶಿಯೊದ ಯಾವ ಮೂಲೆಯಲ್ಲೂ ಕಾಣುವುದಿಲ್ಲ. ಅದು ಕಂಪನಿಯ ಮೋಸವೂ ಅಲ್ಲ, ಪಾಲಿಸಿಯಲ್ಲಿ ಬರೆದದ್ದೇ. ಅಂದರೆ ಇಲ್ಲಿ ಹೋಲಿಸಬೇಕಾದದ್ದು ಕಂಪನಿಗಳನ್ನಲ್ಲ, ಪಾಲಿಸಿಗಳನ್ನು.

ಹತ್ತು ಸಾವಿರ ಆಸ್ಪತ್ರೆ, ನಮ್ಮೂರಿನಲ್ಲಿ ಎಷ್ಟು?

ನೆಟ್‌ವರ್ಕ್ ಸಂಖ್ಯೆಯ ದೋಷ ಸುಲಭವಾಗಿ ಅರ್ಥವಾಗುವಂಥದ್ದು. ಹತ್ತು ಸಾವಿರದಲ್ಲಿ ಕಣ್ಣಿನ ಆಸ್ಪತ್ರೆಯೂ ಒಂದು, ಹತ್ತು ಹಾಸಿಗೆಯ ನರ್ಸಿಂಗ್ ಹೋಮೂ ಒಂದು, ಹೃದಯದ ಕ್ಯಾಥ್‌ಲ್ಯಾಬ್ ಇರುವ ದೊಡ್ಡ ಆಸ್ಪತ್ರೆಯೂ ಒಂದು. ನೋಡಬೇಕಾದ ಸಂಖ್ಯೆ ಹತ್ತು ಸಾವಿರ ಅಲ್ಲ, ಮೂರೋ ನಾಲ್ಕೋ: ರಾತ್ರಿ ಎದೆನೋವು ಬಂದರೆ ಅರ್ಧ ಗಂಟೆಯಲ್ಲಿ ತಲುಪುವ ಆಸ್ಪತ್ರೆ, ಜಿಲ್ಲಾ ಕೇಂದ್ರದಲ್ಲಿ ನೀವು ನಂಬುವ ಆಸ್ಪತ್ರೆ, ಅಲ್ಲಿಂದ ಮುಂದಕ್ಕೆ ಕಳಿಸಿದರೆ ಹೋಗುವ ದೊಡ್ಡ ಊರಿನ ಆಸ್ಪತ್ರೆ. ಈ ಪಟ್ಟಿಯನ್ನು ಮೊದಲು ಬರೆದಿಟ್ಟುಕೊಂಡು, ಆಮೇಲೆ ಕಂಪನಿಯ ಪಟ್ಟಿಯಲ್ಲಿ ಪಿನ್‌ಕೋಡ್ ಹಾಕಿ ಹುಡುಕಬೇಕು.

ವೆಬ್‌ಸೈಟಿನಲ್ಲಿ ಹೆಸರು ಇದ್ದ ಮಾತ್ರಕ್ಕೆ ಆಗಲಿಲ್ಲ. ಒಪ್ಪಂದಗಳು ದರದ ಜಗಳದಲ್ಲಿ ಮುರಿಯುತ್ತವೆ, ಕೆಲವು ಸಲ ರಾತ್ರೋರಾತ್ರಿ. 2025ರ ಆಗಸ್ಟ್‌ನಲ್ಲಿ ಖಾಸಗಿ ಆಸ್ಪತ್ರೆಗಳ ಸಂಘವಾದ ಎಎಚ್‌ಪಿಐ, ಉತ್ತರ ಭಾರತದ ತನ್ನ ಸದಸ್ಯ ಆಸ್ಪತ್ರೆಗಳಿಗೆ ಬಜಾಜ್ ಅಲಿಯಾನ್ಸ್ ಪಾಲಿಸಿದಾರರಿಗೆ ಸೆಪ್ಟೆಂಬರ್ 1ರಿಂದ ಕ್ಯಾಶ್‌ಲೆಸ್ ನಿಲ್ಲಿಸುವಂತೆ ಸೂಚಿಸಿತ್ತು; ಮಾತುಕತೆಯ ನಂತರ ಹಿಂದೆ ತೆಗೆದುಕೊಂಡಿತು. ಅಂಥ ದಿನಗಳಲ್ಲಿ ಪಟ್ಟಿಯಲ್ಲಿ ಹೆಸರು ಇದ್ದೇ ಇರುತ್ತದೆ, ಕೌಂಟರಿನಲ್ಲಿ ಮಾತ್ರ ಹಣ ಕಟ್ಟಿ ಎನ್ನುತ್ತಾರೆ. ಸರ್ಕಾರಿ ಕಂಪನಿಗಳ ಪಾಲಿಸಿಯಲ್ಲಿ ಇನ್ನೊಂದು ಸಿಕ್ಕು ಇದೆ. ಅವರ ಕ್ಲೇಮ್‌ಗಳನ್ನು ನೋಡುವುದು ಬಹುತೇಕ ಟಿಪಿಎ ಎಂಬ ಮಧ್ಯವರ್ತಿ ಸಂಸ್ಥೆ. ನಿಮ್ಮ ಕಾರ್ಡಿನ ಮೇಲೆ ಯಾವ ಟಿಪಿಎ ಹೆಸರು ಇದೆ ಎನ್ನುವುದರ ಮೇಲೆ ಆಸ್ಪತ್ರೆಯ ಪಟ್ಟಿಯೂ ಬದಲಾಗಬಹುದು. ಜತೆಗೆ ಆ ಕಂಪನಿಗಳು ಪಿಪಿಎನ್ ಎಂದು ಪ್ರತ್ಯೇಕ ಒಪ್ಪಂದ ಮಾಡಿಕೊಂಡ ಆಸ್ಪತ್ರೆಗಳಲ್ಲಿ ಕೆಲವು ಚಿಕಿತ್ಸೆಗಳಿಗೆ ಪ್ಯಾಕೇಜ್ ದರ ನಿಗದಿಯಾಗಿರುತ್ತದೆ.

ಆದ್ದರಿಂದ ವೆಬ್‌ಸೈಟ್ ನೋಡಿದ ಮೇಲೆ ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕಿಗೆ ಹೋಗಿ, ಬೆಳಗಿನ ಡಿಸ್ಚಾರ್ಜ್ ಗಲಾಟೆ ಮುಗಿದ ಮಧ್ಯಾಹ್ನದ ಹೊತ್ತಿಗೆ. ಈ ಕಂಪನಿಯ ಕ್ಯಾಶ್‌ಲೆಸ್ ಇವತ್ತು ನಡೆಯುತ್ತಿದೆಯೇ, ಯಾವ ಟಿಪಿಎ ಮೂಲಕ? ಕಳೆದ ತಿಂಗಳು ಕಳಿಸಿದ ಅರ್ಜಿಗಳಲ್ಲಿ ಎಷ್ಟನ್ನು ರೀಇಂಬರ್ಸ್‌ಮೆಂಟಿಗೆ ತಳ್ಳಿದರು? ಡಿಸ್ಚಾರ್ಜ್ ದಿನ ಒಪ್ಪಿಗೆ ಬರಲು ಎಷ್ಟು ಹೊತ್ತಾಗುತ್ತದೆ? ಕ್ಯಾಶ್‌ಲೆಸ್ ಇದ್ದರೂ ಅಡ್ವಾನ್ಸ್ ಎಷ್ಟು ಕಟ್ಟಿಸಿಕೊಳ್ಳುತ್ತೀರಿ? ಸಿಂಗಲ್ ರೂಮಿನ ಬಾಡಿಗೆ ಎಷ್ಟು? ದಿನವೂ ಹತ್ತಾರು ಕಂಪನಿಗಳ ಜತೆ ಗುದ್ದಾಡುವ ಆ ಡೆಸ್ಕಿನವರಿಗೆ ಯಾವುದು ತಕ್ಷಣ ಮಂಜೂರು ಮಾಡುತ್ತದೆ, ಯಾವುದು ಸತಾಯಿಸುತ್ತದೆ ಎನ್ನುವುದು ಬಾಯಿಪಾಠ. ಅವರ ಮಾತಿಗೂ ಒಂದು ಮಿತಿ ಇದೆ. ದರ ಬಿಗಿಯಾಗಿ ಕತ್ತರಿಸುವ ಕಂಪನಿಯನ್ನು ಆಸ್ಪತ್ರೆಯವರು ಹೊಗಳುವುದಿಲ್ಲ, ಅದು ರೋಗಿಗೆ ಒಳ್ಳೆಯದೇ ಇದ್ದರೂ. ಡಿಸ್ಚಾರ್ಜ್ ಹೊತ್ತಿನ ಪ್ರಶ್ನೆ ಕೇಳುವುದಕ್ಕೆ ಕಾರಣವಿದೆ: 2024ರ ಮೇ 29ರ ಸುತ್ತೋಲೆಯಲ್ಲಿ ಐಆರ್‌ಡಿಎಐ, ಕ್ಯಾಶ್‌ಲೆಸ್ ಅರ್ಜಿಗೆ ಒಂದು ಗಂಟೆಯೊಳಗೆ, ಡಿಸ್ಚಾರ್ಜ್‌ನ ಅಂತಿಮ ಒಪ್ಪಿಗೆಯನ್ನು ಮೂರು ಗಂಟೆಯೊಳಗೆ ಕೊಡಬೇಕು, ತಡವಾಗಿ ಆಸ್ಪತ್ರೆ ಹೆಚ್ಚು ಹಣ ಹಾಕಿದರೆ ಅದನ್ನು ಕಂಪನಿಯೇ ಭರಿಸಬೇಕು ಎಂದು ಹೇಳಿದೆ.

ನೆಟ್‌ವರ್ಕಿನಲ್ಲಿ ಇಲ್ಲದ ಆಸ್ಪತ್ರೆಯಲ್ಲೂ ಕ್ಯಾಶ್‌ಲೆಸ್ ಕೇಳುವ ವ್ಯವಸ್ಥೆ 2024ರ ಜನವರಿಯಿಂದ ಇದೆ, ‘ಕ್ಯಾಶ್‌ಲೆಸ್ ಎವೆರಿವೇರ್’ ಎಂದು ಹೆಸರು. ಯೋಜಿತ ಚಿಕಿತ್ಸೆಗೆ 48 ಗಂಟೆ ಮೊದಲು, ತುರ್ತಾದರೆ ಸೇರಿದ 48 ಗಂಟೆಯೊಳಗೆ ಕಂಪನಿಗೆ ತಿಳಿಸಬೇಕು, ಆಸ್ಪತ್ರೆಗೆ ಕನಿಷ್ಠ 15 ಹಾಸಿಗೆ ಮತ್ತು ನೋಂದಣಿ ಇರಬೇಕು. ಆದರೆ ಒಪ್ಪಂದವೇ ಇಲ್ಲದ ಕಂಪನಿಯ ಹಣಕ್ಕೆ ಕಾಯಲು ಆಸ್ಪತ್ರೆಯೂ ಒಪ್ಪಬೇಕಲ್ಲ! ಇದನ್ನು ನಂಬಿ ನೆಟ್‌ವರ್ಕ್ ನೋಡದೆ ಬಿಡುವಂತಿಲ್ಲ.

ನೆಟ್‌ವರ್ಕ್ ಪಟ್ಟಿಗಿಂತ ಗಟ್ಟಿಯಾದ ಇನ್ನೊಂದು ಪಟ್ಟಿ ಇದೆ, ಅದನ್ನು ಯಾರೂ ತೆರೆಯುವುದಿಲ್ಲ. ಪಾಲಿಸಿಯಲ್ಲಿ Excl11 ಎಂಬ ನಿಬಂಧನೆ ಹುಡುಕಿ. ಕಂಪನಿ ಹೊರಗಿಟ್ಟ ಆಸ್ಪತ್ರೆಗಳ ವಿಷಯ ಅದು. ಅಲ್ಲಿ ಸೇರಿದರೆ ಕ್ಯಾಶ್‌ಲೆಸ್ ಅಷ್ಟೇ ಅಲ್ಲ, ರೀಇಂಬರ್ಸ್‌ಮೆಂಟೂ ಇಲ್ಲ. ಜೀವಕ್ಕೆ ಅಪಾಯವಿರುವ ಸ್ಥಿತಿಯಲ್ಲಿ ಅಥವಾ ಅಪಘಾತದಲ್ಲಿ ರೋಗಿಯ ಸ್ಥಿತಿ ಸ್ಥಿರವಾಗುವವರೆಗಿನ ಖರ್ಚು ಮಾತ್ರ. ಹೆಸರುಗಳ ಪಟ್ಟಿ ಕಂಪನಿಯ ವೆಬ್‌ಸೈಟಿನಲ್ಲಿರುತ್ತದೆ. ನಿಮ್ಮ ಮೂರು ಆಸ್ಪತ್ರೆಗಳಲ್ಲಿ ಒಂದು ಅಲ್ಲಿ ಕಂಡರೆ ಉಳಿದ ಯಾವ ಅಂಕಿಯೂ ಬೇಡ, ಆ ಕಂಪನಿಯನ್ನು ಕೈಬಿಡಬಹುದು.

ದೂರು ಎಣಿಸುವ ಲೆಕ್ಕ

ವಿಮಾ ದೂರುಗಳನ್ನು ವಿಚಾರಿಸಿ ತೀರ್ಮಾನಿಸುವ ಒಂಬುಡ್ಸ್‌ಮನ್‌ಗಳ 2023-24ರ ವರದಿ ಬಂದಾಗ ಪತ್ರಿಕೆಗಳ ತಲೆಬರಹ ಒಂದೇ ಆಗಿತ್ತು: ಸ್ಟಾರ್ ಹೆಲ್ತ್ ಮೇಲೆ 13,308 ದೂರು, ಎಲ್ಲಕ್ಕಿಂತ ಹೆಚ್ಚು. ನಂತರದ ಸ್ಥಾನದಲ್ಲಿದ್ದ ಕೇರ್ ಹೆಲ್ತ್ ಮೇಲೆ 3,718, ಸರ್ಕಾರಿ ಕಂಪನಿ ನ್ಯೂ ಇಂಡಿಯಾ ಮೇಲೆ 1,602. ಈ ಅಂಕಿ ಓದುವಾಗ ನೆನಪಿಡಬೇಕಾದ್ದು, ಮನೆಮಂದಿ ಕೊಳ್ಳುವ ರಿಟೇಲ್ ಆರೋಗ್ಯ ವಿಮೆಯಲ್ಲಿ ಸುಮಾರು ಮೂರನೇ ಒಂದು ಪಾಲು ಸ್ಟಾರ್ ಒಂದರದ್ದೇ, ನ್ಯೂ ಇಂಡಿಯಾದ ಆರೋಗ್ಯ ವ್ಯವಹಾರದಲ್ಲಿ ಗ್ರೂಪ್ ಪಾಲು ದೊಡ್ಡದು. ಗ್ರೂಪ್ ಪಾಲಿಸಿಯ ನೌಕರ ಎಚ್‌ಆರ್ ಬಳಿ ದೂರುತ್ತಾನೆ, ಒಂಬುಡ್ಸ್‌ಮನ್ ಬಾಗಿಲಿಗೆ ಹೋಗುವುದು ಅಪರೂಪ. ಹಾಗೆಂದು ಪೂರ್ತಿ ಕ್ಷಮಿಸಿಬಿಡುವಂತೆಯೂ ಇಲ್ಲ. ಎರಡನೆಯ ಸ್ಥಾನದವರಿಗಿಂತ ಮೂರೂವರೆ ಪಟ್ಟು ದೂರು ಎಂದಾಗ, ವ್ಯವಹಾರವೂ ಅಷ್ಟೇ ಪಟ್ಟು ಇದೆಯೇ ಎಂದು ಅದೇ ಕೌನ್ಸಿಲ್ ಪಟ್ಟಿ ತೆಗೆದು ನೋಡಬೇಕು.

ತಲಾವಾರು ಲೆಕ್ಕ ಬೇಕಾದರೆ ಕಂಪನಿಯ NL-45 ಫಾರ್ಮ್ ತೆರೆಯಿರಿ. ವರ್ಷದಲ್ಲಿ ಬಂದ ದೂರು, ಅದರಲ್ಲಿ ಪೂರ್ತಿ ಒಪ್ಪಿದ್ದು, ಭಾಗಶಃ ಒಪ್ಪಿದ್ದು, ತಳ್ಳಿಹಾಕಿದ್ದು ಎಂದು ಅಲ್ಲಿ ಸಾಲುಗಳಿವೆ. ಕೆಳಗೆ ಎರಡು ಅನುಪಾತ: ಹತ್ತು ಸಾವಿರ ಪಾಲಿಸಿಗೆ ಎಷ್ಟು ಪಾಲಿಸಿ ದೂರು, ಹತ್ತು ಸಾವಿರ ಕ್ಲೇಮ್‌ಗೆ ಎಷ್ಟು ಕ್ಲೇಮ್ ದೂರು. ಎರಡನೆಯದೇ ಬೇಕಾದ್ದು. ಇಲ್ಲೊಂದು ಬಲೆ ಇದೆ. ಈ ಫಾರ್ಮ್ ಇಡೀ ಕಂಪನಿಗೆ ಸೇರಿದ್ದು, ಆರೋಗ್ಯಕ್ಕೆ ಬೇರೆ ಕಾಲಂ ಇಲ್ಲ. ಲಕ್ಷಾಂತರ ಬೈಕು, ಕಾರು ಪಾಲಿಸಿ ಮಾರುವ ಜನರಲ್ ಕಂಪನಿಯಲ್ಲಿ ಬಂಪರ್ ರಿಪೇರಿಯ ಸಣ್ಣ ಕ್ಲೇಮ್‌ಗಳೂ ಛೇದದಲ್ಲಿ ಕೂಡಿಕೊಂಡು ಅನುಪಾತ ತೆಳುವಾಗುತ್ತದೆ. ಆರೋಗ್ಯ ವಿಮೆಯನ್ನಷ್ಟೇ ಮಾಡುವ ಕಂಪನಿಗೆ ಆ ಮರೆ ಇಲ್ಲ, ಅದರ ಅಂಕಿ ದಪ್ಪಗೆ ಕಾಣುತ್ತದೆ. ಆದ್ದರಿಂದ ಆರೋಗ್ಯದ ಕಂಪನಿಗಳನ್ನು ಅವುಗಳೊಳಗೇ, ಜನರಲ್ ಕಂಪನಿಗಳನ್ನು ಅವುಗಳೊಳಗೇ ಹೋಲಿಸಬೇಕು. ಒಂದೇ ಕಂಪನಿಯ ಮೂರು ವರ್ಷದ ಫಾರ್ಮ್‌ಗಳನ್ನು ಸಾಲಾಗಿಟ್ಟು ಅನುಪಾತ ಏರುತ್ತಿದೆಯೇ ಇಳಿಯುತ್ತಿದೆಯೇ ಎಂದು ನೋಡುವುದು ಇನ್ನೂ ಉಪಯುಕ್ತ.

ದೂರಿನ ಸಂಖ್ಯೆಗಿಂತ ದೂರಿನ ಗತಿ ಹೆಚ್ಚು ಮಾತಾಡುತ್ತದೆ. ಕಂಪನಿ ತಾನೇ ಪರಿಶೀಲಿಸಿ ದೊಡ್ಡ ಪಾಲನ್ನು ಒಪ್ಪಿಕೊಂಡಿದ್ದರೆ ಎರಡು ಅರ್ಥ ಬರುತ್ತದೆ: ದೂರು ಕೇಳುವ ವಿಭಾಗ ಚೆನ್ನಾಗಿದೆ, ಆದರೆ ಮೊದಲ ನಿರ್ಧಾರ ಮಾಡುವವರು ಸುಮ್ಮನೆ ತಿರಸ್ಕರಿಸುತ್ತಿದ್ದಾರೆ. ಇನ್ನೊಂದು ಕಡೆ, ದೂರೇ ಕಡಿಮೆ ಇರುವುದು ತೃಪ್ತಿಯ ಗುರುತೇ ಆಗಬೇಕೆಂದಿಲ್ಲ. ಹಳ್ಳಿಯ ಪಾಲಿಸಿದಾರನಿಗೆ bimabharosa.irdai.gov.in ಎಂಬ ಪೋರ್ಟಲ್ ಇದೆ, 155255 ಎಂಬ ಸಹಾಯವಾಣಿ ಇದೆ ಎನ್ನುವುದೇ ಗೊತ್ತಿರುವುದಿಲ್ಲ. ಕಂಪನಿ ತಿರಸ್ಕರಿಸಿದ ಮೇಲೆ, ಅಥವಾ ಒಂದು ತಿಂಗಳು ಉತ್ತರಿಸದಿದ್ದರೆ, ಒಂದು ವರ್ಷದೊಳಗೆ ಬೆಂಗಳೂರಿನ ಒಂಬುಡ್ಸ್‌ಮನ್ ಕಚೇರಿಗೆ ಬರೆಯಬಹುದು. 50 ಲಕ್ಷದವರೆಗಿನ ಪರಿಹಾರ ಅವರ ಕೈಯಲ್ಲಿದೆ, ಶುಲ್ಕವಿಲ್ಲ, ವಕೀಲರು ಬೇಡ. ಇಷ್ಟೆಲ್ಲ ಇದ್ದರೂ ಹದಿನೈದು ಸಾವಿರ ಕಡಿತವಾದವರು ಅಲ್ಲಿಯವರೆಗೆ ಹೋಗುವುದಿಲ್ಲ. ಅಂಥ ಸಣ್ಣ ಕಡಿತಗಳು ದೂರಿನ ಲೆಕ್ಕದಲ್ಲೂ ಕಾಣದೆ ಉಳಿಯುತ್ತವೆ.

ಶಿವಮೊಗ್ಗದ ಒಂದು ಮನೆ

ಇದನ್ನೆಲ್ಲ ಒಂದು ಊಹೆಯ ಮನೆಗೆ ಹಚ್ಚಿ ನೋಡೋಣ. ಶಿವಮೊಗ್ಗದಲ್ಲಿ ಗಂಡ, ಹೆಂಡತಿ, ಒಂದು ಮಗು, 63 ವರ್ಷದ ತಂದೆ. ತಂದೆಗೆ ಬಿಪಿ ಇದೆ. ಅವರ ಆಸ್ಪತ್ರೆ ಪಟ್ಟಿ: ಊರಿನಲ್ಲೇ ಕ್ಯಾಥ್‌ಲ್ಯಾಬ್ ಇರುವ ಒಂದು, ಹೆರಿಗೆ ಮತ್ತು ಸಾಮಾನ್ಯ ಕಾಯಿಲೆಗೆ ಒಂದು, ದೊಡ್ಡದಕ್ಕೆ ಮಣಿಪಾಲದಲ್ಲಿ ಒಂದು. ಮುಂದೆ ಎರಡು ಐದು ಲಕ್ಷದ ಪಾಲಿಸಿಗಳಿವೆ. ಮೊದಲನೆಯದು ಆರೋಗ್ಯ ವಿಮೆಯ ಕಂಪನಿಯದ್ದು: ರೇಶಿಯೊ ಶೇ 91, ಹತ್ತು ಸಾವಿರ ಕ್ಲೇಮ್‌ಗೆ 40 ದೂರು, ರೂಮಿಗೆ ಮಿತಿ ಇಲ್ಲ, ಆದರೆ 60 ದಾಟಿ ಸೇರಿದವರು ಪ್ರತಿ ಕ್ಲೇಮ್‌ನಲ್ಲಿ ಶೇ 20 ತಾವೇ ಕೊಡಬೇಕು, ಇದೇ ಕೋ-ಪೇ. ಎರಡನೆಯದು ಜನರಲ್ ಕಂಪನಿಯದ್ದು: ರೇಶಿಯೊ ಶೇ 96, ದೂರು 5, ರೂಮಿಗೆ ಶೇ 1 ಮಿತಿ, ಕೋ-ಪೇ ಇಲ್ಲ.

ಅಂಕಿ ನೋಡಿದರೆ ಎರಡನೆಯದೇ ಸರಿ. ಆದರೆ ಅದರ ಶೇ 96ರಲ್ಲಿ ಗ್ರೂಪ್ ಕ್ಲೇಮ್‌ಗಳಿವೆ, ಐದು ದೂರಿನ ಛೇದದಲ್ಲಿ ವಾಹನಗಳಿವೆ. ಎರಡನ್ನೂ ಬದಿಗಿಟ್ಟು ತಂದೆಯ ಬಿಲ್ಲಿಗೆ ಬರೋಣ. ಮೇಲಿನ 2,40,000ದ ಬಿಲ್ಲೇ ಬಂದರೆ ಎರಡನೆಯದು ಕೊಡುವುದು 1,73,000. ಮೊದಲನೆಯದು ಕೊಡಬಾರದ 10,000 ಕಳೆದು, ಉಳಿದ 2,30,000ದ ಶೇ 80, ಅಂದರೆ 1,84,000 ಕೊಡುತ್ತದೆ. ಮೊದಲನೆಯದು ಸ್ವಲ್ಪ ಮೇಲು. ತಂದೆ 5,000ದ ರೂಮಿನಲ್ಲೇ ಇದ್ದರೆ? ಅದೇ ಅನುಪಾತದಲ್ಲಿ ಆಸ್ಪತ್ರೆಯ ದರವೂ ಇಳಿದು ಬಿಲ್ಲು 1,83,000 ಆಗುತ್ತದೆ ಎಂದುಕೊಳ್ಳಿ. ಎರಡನೆಯದು 1,73,000 ಕೊಡುತ್ತದೆ, ಕೈಯಿಂದ ಹೋಗುವುದು 10,000 ಮಾತ್ರ. ಮೊದಲನೆಯದರಲ್ಲಿ 1,38,400 ಬಂದು, ಕೈಯಿಂದ 44,600 ಹೋಗುತ್ತದೆ. ರೂಮ್ ಮಿತಿಯ ದೋಷವನ್ನು ಅಡ್ಮಿಷನ್ ಕೌಂಟರಿನಲ್ಲಿ ನಾವೇ ತಪ್ಪಿಸಿಕೊಳ್ಳಬಹುದು, ಕೋ-ಪೇಯಿಂದ ಯಾವ ದಾರಿಯಲ್ಲೂ ತಪ್ಪಿಸಿಕೊಳ್ಳಲಾಗದು. ತಂದೆಯ ವಯಸ್ಸಿಗೆ ಎರಡನೆಯದು ಮೇಲು.

ಈಗ ಆಸ್ಪತ್ರೆ ಪಟ್ಟಿ. ಮೊದಲ ಕಂಪನಿಯ ನೆಟ್‌ವರ್ಕಿನಲ್ಲಿ ಮೂರೂ ಆಸ್ಪತ್ರೆ ಇವೆ. ಎರಡನೆಯದರಲ್ಲಿ ಮಣಿಪಾಲ ಇದೆ, ಊರಿನ ಕ್ಯಾಥ್‌ಲ್ಯಾಬ್ ಇರುವ ಆಸ್ಪತ್ರೆ ಇಲ್ಲ. ಅದನ್ನು ಹೊರಗಿಟ್ಟ ಪಟ್ಟಿಯಲ್ಲೂ ಇಲ್ಲ, ಅದೇ ಸಮಾಧಾನ. ಎದೆನೋವು ಬಂದ ರಾತ್ರಿ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋಗಲು ಆಗದು. ಊರಿನಲ್ಲೇ ಸ್ಟೆಂಟ್ ಹಾಕಿಸಬೇಕು, ಹಣ ಕಟ್ಟಬೇಕು, ಆಮೇಲೆ ರೀಇಂಬರ್ಸ್‌ಮೆಂಟಿಗೆ ಕಾಯಬೇಕು. ಆ ಮನೆಯವರ ಬ್ಯಾಂಕಿನಲ್ಲಿ ತಕ್ಷಣ ಮುರಿಯಬಹುದಾದ ಎರಡೂವರೆ, ಮೂರು ಲಕ್ಷದ ಎಫ್‌ಡಿ ಇದ್ದರೆ ತಂದೆಗೆ ಎರಡನೆಯದನ್ನೇ ಮಾಡಿಸುವುದು ಸರಿ. ಅಷ್ಟು ಹಣ ಕೈಯಲ್ಲಿ ಇಲ್ಲದಿದ್ದರೆ ಕೋ-ಪೇ ಸಹಿಸಿಕೊಂಡು ಮೊದಲನೆಯದು. ಆ ಹೊತ್ತಿಗೆ ಹೊಂದಿಸಬೇಕಾದ್ದು ಎರಡೂವರೆ ಲಕ್ಷವಲ್ಲ, ಐವತ್ತು ಸಾವಿರ.

ಉಳಿದ ಮೂವರಿಗೆ ಪ್ರಶ್ನೆಯೇ ಬೇರೆ. ಅವರಿಗೆ ಕೋ-ಪೇ ತಗಲುವುದಿಲ್ಲ, ಮೂರೂ ಆಸ್ಪತ್ರೆ ಸಿಗುತ್ತವೆ, ರೂಮಿಗೆ ಮಿತಿ ಇಲ್ಲ. ಮೊದಲನೆಯದೇ ಸಲೀಸು. ನಾಲ್ವರನ್ನೂ ಒಂದೇ ವಿಮಾ ಮೊತ್ತವನ್ನು ಎಲ್ಲರೂ ಹಂಚಿಕೊಳ್ಳುವ ಫ್ಲೋಟರ್ ಪಾಲಿಸಿಗೆ ಹಾಕಿದ್ದರೆ ಪ್ರೀಮಿಯಂ ತಂದೆಯ ವಯಸ್ಸಿನ ಮೇಲೆ ನಿಗದಿಯಾಗಿ, ಅವರದೊಂದು ದೊಡ್ಡ ಕ್ಲೇಮ್ ಎಲ್ಲರ ಐದು ಲಕ್ಷವನ್ನೂ ಕರಗಿಸುತ್ತಿತ್ತು. ತಂದೆಯ ಪಾಲಿಸಿ ಬೇರೆ ಮಾಡಿಸಿ, ಪ್ರಪೋಸಲ್ ಫಾರ್ಮಿನಲ್ಲಿ ಬಿಪಿ ಯಾವ ವರ್ಷದಿಂದ ಇದೆ, ಯಾವ ಮಾತ್ರೆ ಎಂದು ಮಗನೇ ತನ್ನ ಕೈಯಿಂದ ತುಂಬಿ, ಅದರ ಪ್ರತಿಯನ್ನು ಪಾಲಿಸಿಯ ಜತೆಗೇ ಇಟ್ಟುಕೊಳ್ಳಬೇಕು. ಏಜೆಂಟರು ಆ ಸಾಲನ್ನು ಖಾಲಿ ಬಿಡಿಸಿ ಪಾಲಿಸಿ ಬೇಗ ಮಾಡಿಸಿಕೊಟ್ಟರೆ, ಮುಂದೆ ತಿರಸ್ಕಾರವಾಗುವ ಕ್ಲೇಮ್‌ಗಳಲ್ಲಿ ಇವರದೂ ಒಂದು ಆಗುತ್ತದೆ.